ನಕ್ಷೆಯೇ ಕಾಣದ ಲೈವ್ ಕ್ಲಾಸಿನ ರಿಪೇರಿ

ಫೆಬ್ರವರಿ 22, ಭಾನುವಾರ

ನಮ್ಮ ಯೂಟ್ಯೂಬ್ ಚಾನೆಲ್‌ನ ಮೊದಲ ಹತ್ತನೇ ತರಗತಿ ಗಣಿತ ಲೈವ್ ಇವತ್ತು ಕೆಟ್ಟುಹೋಯಿತು. ಹಿಂದಿನ ದಿನ ಬೆಳಿಗ್ಗೆ ಹಾಕಿದ್ದ ಪೋಸ್ಟ್ ಇಷ್ಟೇ: "ನಾಳೆ 8 ಗಂಟೆಗೆ ಎಸ್ಸೆಸ್ಸೆಲ್ಸಿ ಗಣಿತ ಪೂರ್ತಿ ರಿವಿಷನ್ ಲೈವ್. ಎಲ್ಲರೂ ಬನ್ನಿ." ರಾತ್ರಿ ಎಂಟಕ್ಕೆ ಶುರು ಮಾಡಿದಾಗ ಇದ್ದವರು ಹನ್ನೊಂದು ಜನ. ಕೆಳಗೆ ಬಂದ ಕಾಮೆಂಟುಗಳಲ್ಲಿ ಅರ್ಧ ಒಂದೇ ತರ. ಬೆಳಿಗ್ಗೆ ಎಂಟಕ್ಕೆ ಕಾದು ಕೂತಿದ್ದೆವು ಸರ್ ಅಂತ ಕೆಲವರು. ಇನ್ನು ಕೆಲವರಿಗೆ ಪೋಸ್ಟ್ ಕಂಡಿದ್ದೇ ಭಾನುವಾರ ಮಧ್ಯಾಹ್ನ. ಅವರ ಲೆಕ್ಕದಲ್ಲಿ "ನಾಳೆ" ಅಂದರೆ ಸೋಮವಾರ.

ಬಂದ ಹನ್ನೊಂದು ಜನಕ್ಕೂ ಏನೂ ಸಿಗಲಿಲ್ಲ. ಎರಡು ರೇಖಾತ್ಮಕ ಸಮೀಕರಣಗಳನ್ನು ನಕ್ಷೆಯಲ್ಲಿ ಬಿಡಿಸೋಣ ಅಂತ ಗ್ರಾಫ್ ಹಾಳೆ ಇಟ್ಟೆ. ಹತ್ತು ನಿಮಿಷ ಆದ ಮೇಲೆ ಒಬ್ಬ ಹುಡುಗಿ ಚಾಟ್‌ನಲ್ಲಿ ಕೇಳಿದಳು, "ಸರ್, ಗ್ರಾಫ್ ಹಾಳೆ ಯಾವಾಗ ತೋರಿಸ್ತೀರಾ?" ತೋರಿಸುತ್ತಲೇ ಇದ್ದೆ! ಆಮೇಲೆ ರೆಕಾರ್ಡಿಂಗ್ ಹಾಕಿ ನೋಡಿದೆ. ಬಿಳಿ ಕಾಗದದ ಮೇಲೆ ತಿಳಿ ಹಸಿರು ಮಬ್ಬು, ಅದರೊಳಗೆ ನನ್ನ ಬೆರಳು. ಚೌಕ ಒಂದೂ ಇಲ್ಲ.

ಇನ್ನು "ಪೂರ್ತಿ ರಿವಿಷನ್". ಒಂದು ಗಂಟೆ ಮುಗಿದಾಗ ಎರಡನೇ ಲೆಕ್ಕದ ಮಧ್ಯ ಇದ್ದೆ.

ಹಾಗಾಗಿ ರಿಪೇರಿ ಎರಡು. ಮೊದಲು ನಕ್ಷೆ ಕಾಣಬೇಕು. ಆಮೇಲೆ ಪೋಸ್ಟ್ ಸರಿ ಆಗಬೇಕು. ಹಿಂದುಮುಂದಾಗಿ ಮಾಡಿದರೆ ಪ್ರಯೋಜನ ಇಲ್ಲ. ಒಂದು ಲೆಕ್ಕಕ್ಕೆ ಎಷ್ಟು ಹೊತ್ತು ಬೇಕು ಅಂತ ಗೊತ್ತಾಗದೆ ಯಾವ ಪಾಠ ಅಂತ ಬರೆಯುವುದು ಹೇಗೆ?

ಫೆಬ್ರವರಿ 24

ಚೌಕ ಯಾಕೆ ಕಾಣಲಿಲ್ಲ ಅಂತ ಇವತ್ತು ಲೆಕ್ಕ ಹಾಕಿದೆ. ಮೊದಲ ದಿನ ಕ್ಯಾಮೆರಾಗೆ ಕಾಣುತ್ತಿದ್ದ ಜಾಗದ ಅಗಲ ಸ್ಕೇಲ್ ಇಟ್ಟು ಅಳೆದರೆ 35 ಸೆಂ.ಮೀ. ಅಂದರೆ 350 ಮಿ.ಮೀ. ನಾನು ಕಳಿಸುವುದು 720p, ಅದರಲ್ಲಿ ಅಡ್ಡಕ್ಕೆ 1280 ಚುಕ್ಕಿ. ಒಂದು ಮಿ.ಮೀ.ಗೆ ಮೂರೂವರೆ ಚುಕ್ಕಿ ಬರುತ್ತದೆ, ಸಾಲದಿದ್ದರೂ ಏನೋ ಒಂದಿಷ್ಟು. ಆದರೆ ನೋಡುವ ಮಕ್ಕಳಿಗೆ 720p ಸಿಗುವುದಿಲ್ಲ. ಡೇಟಾ ಉಳಿಸಲಿಕ್ಕೆ, ಇಲ್ಲವೇ ಸಿಗ್ನಲ್ ಇಲ್ಲದೆ, ಜಾಸ್ತಿ ಜನ ನೋಡುವುದು 360pಯಲ್ಲಿ. ಅಲ್ಲಿ ಅಡ್ಡಕ್ಕೆ 640 ಚುಕ್ಕಿ ಮಾತ್ರ.

```
640 / 350 = 1.8
```

ಒಂದು ಮಿ.ಮೀ.ಗೆ ಎರಡು ಚುಕ್ಕಿ ಕೂಡ ಇಲ್ಲ. ಒಂದು ಗೆರೆ, ಅದರ ಪಕ್ಕ ಒಂದು ಖಾಲಿ ಜಾಗ, ಎರಡೂ ಬೇರೆ ಬೇರೆ ಕಾಣಬೇಕಾದರೆ ಕನಿಷ್ಠ ಎರಡು ಚುಕ್ಕಿ ಬೇಕಲ್ವಾ? ಗ್ರಾಫ್ ಹಾಳೆಯ ಸಣ್ಣ ಗೆರೆಗಳೆಲ್ಲ ಕರಗಿ ಒಂದೇ ಹಸಿರು ಬಣ್ಣ ಆಗಿದ್ದು ಇದಕ್ಕೇ. ಕ್ಯಾಮೆರಾ ತಪ್ಪಲ್ಲ, ನೆಟ್‌ವರ್ಕ್ ತಪ್ಪೂ ಅಲ್ಲ. ಒಳ್ಳೆಯ ಕ್ಯಾಮೆರಾ ತಂದಿದ್ದರೂ 360pಯಲ್ಲಿ ಇದೇ ಕಥೆ. ಅಂಗಡಿಗೆ ಹೋಗುವ ಮೊದಲು ಈ ಭಾಗಾಕಾರ ಮಾಡಿದ್ದು ಒಳ್ಳೆಯದಾಯಿತು.

ಹತ್ತಿರದಿಂದ ತೋರಿಸಿದರೆ? ಅಗಲವನ್ನು 20 ಸೆಂ.ಮೀ.ಗೆ ಇಳಿಸಿದರೆ 360pಯಲ್ಲಿ ಮಿ.ಮೀ.ಗೆ 3.2 ಚುಕ್ಕಿ ಸಿಗುತ್ತದೆ. ಪರೀಕ್ಷೆ ಮಾಡಿದೆ. ಕೈ ಅಲ್ಲಾಡದಿದ್ದಾಗ ಸಣ್ಣ ಗೆರೆ ಸ್ವಲ್ಪ ಸ್ವಲ್ಪ ಕಾಣುತ್ತದೆ. ಕೈ ಒಳಗೆ ಬಂದ ತಕ್ಷಣ ಮತ್ತೆ ಕಲಸಿಹೋಗುತ್ತದೆ. ವಿಡಿಯೋ ಕುಗ್ಗಿಸಿ ಕಳಿಸುವಾಗ ಮೊದಲು ಬಲಿ ಆಗುವುದು ಇಂಥ ನವಿರು ಗೆರೆಗಳೇ.

ಆಮೇಲೆ ಹೊಳೆಯಿತು. ಮಿ.ಮೀ. ಗೆರೆ ಯಾರಿಗೆ ಬೇಕು? ನಾನು ಮಾಡುವ ಲೆಕ್ಕದಲ್ಲಿ ಬಿಂದುಗಳೆಲ್ಲ ಪೂರ್ಣಾಂಕ, ಪ್ರಮಾಣ 1 ಸೆಂ.ಮೀ. = 1 ಮಾನ. ಮಕ್ಕಳಿಗೆ ಕಾಣಬೇಕಾದ್ದು ಸೆಂಟಿಮೀಟರ್ ಗೆರೆ ಮಾತ್ರ. ಅದಕ್ಕೆ 32 ಚುಕ್ಕಿ ಇದೆ, ಧಾರಾಳ. ಕಷ್ಟ ಏನೆಂದರೆ ಅಂಗಡಿಯ ಹಾಳೆಯಲ್ಲಿ ಸೆಂ.ಮೀ. ಗೆರೆ ಕೂಡ ಅದೇ ತಿಳಿ ಹಸಿರು, ಕೂದಲೆಳೆಯಷ್ಟು ದಪ್ಪ ಅಷ್ಟೇ.

ಕಡು ಹಸಿರು ಸ್ಕೆಚ್ ಪೆನ್ ತಗೊಂಡು ಸ್ಕೇಲ್ ಇಟ್ಟು ಸೆಂ.ಮೀ. ಗೆರೆಗಳನ್ನು ತಿದ್ದಿದೆ. ಒಂದು ಹಾಳೆಗೆ ಹತ್ತು ನಿಮಿಷ. ಆರು ಹಾಳೆ ಮಾಡುವಷ್ಟರಲ್ಲಿ ಸೊಂಟ ಹಿಡಿಯಿತು. ಆದರೆ 360pಯಲ್ಲಿ ಹಾಕಿ ನೋಡಿದರೆ ಚೌಕಗಳು ಎದ್ದು ಕಾಣುತ್ತಿವೆ. ಬರೆಯುವ ಪೆನ್ನೂ ಬದಲಾಯಿಸಿದೆ. ಜೆಲ್ ಪೆನ್ನಿನ ಗೆರೆ ಸಾಲುವುದಿಲ್ಲ. ಅಕ್ಷಕ್ಕೆ ಕಪ್ಪು ಸ್ಕೆಚ್ ಪೆನ್, ಮೊದಲ ರೇಖೆಗೆ ನೀಲಿ, ಎರಡನೆಯದಕ್ಕೆ ಕೆಂಪು. ಅಂಕಿಗಳು 6 ಮಿ.ಮೀ.ಗಿಂತ ಚಿಕ್ಕದಾಗಬಾರದು ಅಂತ ಹಾಳೆಯ ಅಂಚಿನಲ್ಲಿ ಬರೆದುಕೊಂಡೆ.

ಫೆಬ್ರವರಿ 26

ಸ್ಟ್ಯಾಂಡ್. ಮನೆಯಲ್ಲಿ ಬಿದ್ದಿದ್ದ ಮುಕ್ಕಾಲು ಇಂಚಿನ ಪಿವಿಸಿ ಪೈಪು, ಎರಡು ಎಲ್ಬೋ, ಒಂದು ಹಳೆಯ ಮಣೆ. ನೆಟ್ಟಗೆ ನಿಂತ ಪೈಪಿನ ತುದಿಯಿಂದ ಅಡ್ಡ ತೋಳು, ಅದರ ಕೊನೆಯಲ್ಲಿ ವೆಬ್‌ಕ್ಯಾಮ್ ಕೆಳಮುಖ. ಕಾಗದದಿಂದ ಕ್ಯಾಮೆರಾಗೆ 30 ಸೆಂ.ಮೀ. ಇದಕ್ಕಿಂತ ಕೆಳಗೆ ಇಳಿಸಿದರೆ ಸ್ಕೇಲ್ ಹಿಡಿದ ಕೈ ತಾಗುತ್ತದೆ. ಆ ಎತ್ತರದಲ್ಲಿ 35 ಸೆಂ.ಮೀ. ಅಗಲ ಕಾಣುತ್ತದೆ. ಅದನ್ನು ಲೈವ್ ಕಳಿಸುವ ಓಬಿಎಸ್ ಸಾಫ್ಟ್‌ವೇರ್‌ನಲ್ಲಿ Alt ಒತ್ತಿ ಹಿಡಿದು ಅಂಚು ಎಳೆದು ಕತ್ತರಿಸಿ 20 ಸೆಂ.ಮೀ.ಗೆ ತಂದೆ. ಕ್ಯಾಮೆರಾ 1080p ಆದ್ದರಿಂದ ಕತ್ತರಿಸಿದ ಮೇಲೂ ಅಡ್ಡಕ್ಕೆ ಸುಮಾರು 1100 ಚುಕ್ಕಿ ಉಳಿಯುತ್ತದೆ. ಕಳಿಸುವುದು 720p ತಾನೇ, ನಡೆಯುತ್ತದೆ.

ಮೊದಲ ಸಲ ಸ್ಟ್ಯಾಂಡನ್ನು ಬರೆಯುವ ಮೇಜಿನ ಮೇಲೇ ಇಟ್ಟಿದ್ದೆ. ಪೆನ್ ಊರಿದಾಗೆಲ್ಲ ಇಡೀ ಚಿತ್ರ ನಡುಗಿತು. ಚಿತ್ರ ನಡುಗಿದರೆ ಎಲ್ಲ ಗೆರೆಯೂ ಒಟ್ಟಿಗೆ ಸರಿದಂತೆ ಆಗುತ್ತದೆ, ಆಗ ವಿಡಿಯೋ ಇನ್ನೂ ಮಸುಕು. ಮಣೆಯನ್ನು ಪಕ್ಕದ ಸ್ಟೂಲಿಗೆ ಸಾಗಿಸಿ ಮೇಲೆ ಎರಡು ಇಟ್ಟಿಗೆ ಹೇರಿದೆ. ಮೇಜಿಗೂ ಕ್ಯಾಮೆರಾಗೂ ಈಗ ಸಂಬಂಧ ಇಲ್ಲ. ನಡುಕ ನಿಂತಿತು.

ಇನ್ನೆರಡು ಸಣ್ಣ ಕಾಟ ಇದ್ದವು. ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ತೇಲುತ್ತಿತ್ತು. ಅದು ಟ್ಯೂಬ್‌ಲೈಟಿನ ಮಿನುಗು. ನಮ್ಮ ಕರೆಂಟು 50 ಹರ್ಟ್ಸ್, ಕ್ಯಾಮೆರಾ 60 ಅಂದುಕೊಂಡು ಕೂತಿತ್ತು. ಓಬಿಎಸ್‌ನ `Configure Video` ಒಳಗೆ `PowerLine Frequency` ಅಂತ ಇರುತ್ತದೆ, ಅಲ್ಲಿ 50 ಮಾಡಿದ ಕೂಡಲೇ ಪಟ್ಟಿ ಮಾಯ. ಎರಡನೆಯದು ಫೋಕಸ್. ಕೈ ಒಳಗೆ ಬಂದಾಗ ಕ್ಯಾಮೆರಾ ಕೈಯನ್ನು ನೋಡುತ್ತದೆ, ಹಾಳೆ ಮಂಜಾಗುತ್ತದೆ. ಅದೇ ಕಿಟಕಿಯ ಪಕ್ಕದ ಟ್ಯಾಬಿನಲ್ಲಿ `Focus` ಎದುರಿನ `Auto` ಟಿಕ್ ತೆಗೆದು, ಹಾಳೆಗೆ ಸರಿಯಾಗಿ ನಿಲ್ಲಿಸಿದೆ. `Exposure` ಕೂಡ ಹಾಗೇ. ಈ ಎರಡು ಟಿಕ್ಕು ಕ್ಯಾಮೆರಾ ಕಿತ್ತು ಮತ್ತೆ ಸಿಕ್ಕಿಸಿದಾಗ ಕೆಲವೊಮ್ಮೆ ವಾಪಸ್ ಬರುತ್ತವೆ. ಪ್ರತಿ ಸಲ ಶುರು ಮಾಡುವ ಮೊದಲು ನೋಡಬೇಕು.

ಮಾರ್ಚ್ 1, ಭಾನುವಾರ

ರಿಹರ್ಸಲ್. `Unlisted` ಇಟ್ಟು ಲೈವ್ ಮಾಡಿದೆ, ಲಿಂಕ್ ಇದ್ದವರಿಗೆ ಮಾತ್ರ ಕಾಣುತ್ತದೆ. ನೋಡುವವಳು ಒಬ್ಬಳೇ, ಅಕ್ಕನ ಮಗಳು. ಅವಳೂ ಈ ವರ್ಷ ಹತ್ತನೇ ತರಗತಿ. ಹಿಂದಿನ ಕೋಣೆಯಲ್ಲಿ ಕೂರಿಸಿ, ವೈಫೈ ತೆಗೆಸಿ, ಮೊಬೈಲ್ ಡೇಟಾದಲ್ಲಿ 360p ಇಡಿಸಿದೆ. ಕೈಯಲ್ಲಿ ಒಂದು ಗ್ರಾಫ್ ಹಾಳೆ, ಪೆನ್ಸಿಲ್. "ನಾನು ಮಾಡಿದ್ದನ್ನೇ ಮಾಡ್ತಾ ಹೋಗು, ಕಾಣದಿದ್ದರೆ ಕೂಗು" ಅಂದೆ.

ಲೆಕ್ಕ ಇದು.

```
x + y = 5
2x − y = 4
```

ಇದನ್ನೇ ಆರಿಸಿದ್ದಕ್ಕೆ ಕಾರಣ ಇದೆ. 20 ಸೆಂ.ಮೀ. ಅಗಲದ ಚೌಕಟ್ಟಿಗೆ ಎತ್ತರ 11 ಸೆಂ.ಮೀ. ಚಿಲ್ಲರೆ. ಎಡ ಅರ್ಧದಲ್ಲಿ ನಕ್ಷೆ, ಬಲ ಅರ್ಧದಲ್ಲಿ ಕೋಷ್ಟಕ, ಎರಡೂ ಒಟ್ಟಿಗೆ ಕಾಣಬೇಕು. ಕೋಷ್ಟಕದ ಯಾವ ಜೋಡಿ ನಕ್ಷೆಯ ಯಾವ ಬಿಂದುವಾಯಿತು ಅಂತ ಮಕ್ಕಳ ಕಣ್ಣಿಗೆ ಒಂದೇ ನೋಟದಲ್ಲಿ ಬೀಳಬೇಕು. ಹಾಳೆ ಸರಿಸಿದರೆ ಆ ಕೊಂಡಿ ತಪ್ಪುತ್ತದೆ. ಮೊದಲು 2x + y = 8 ಅಂತ ಯೋಚಿಸಿದ್ದೆ. x ಸೊನ್ನೆ ಇಟ್ಟರೆ y 8. ಕೆಳಗೆ ಋಣ ಭಾಗಕ್ಕೂ, ಪ್ರಮಾಣ ಬರೆಯಲಿಕ್ಕೂ ಜಾಗ ಬಿಟ್ಟರೆ ಮೇಲೆ ಇಕ್ಕಟ್ಟು. ಈಗಿನದರಲ್ಲಿ y ಬೆಲೆ −2ರಿಂದ 5ರೊಳಗೆ ಮುಗಿಯುತ್ತದೆ.

ಮೊದಲ ಸಮೀಕರಣಕ್ಕೆ ಬಿಂದುಗಳು (0, 5), (2, 3), (5, 0). ಎರಡನೆಯದಕ್ಕೆ y = 2x − 4 ಅಂತ ಬರೆದುಕೊಂಡು (1, −2), (2, 0), (4, 4). ಎರಡು ರೇಖೆ (3, 2)ರಲ್ಲಿ ಕೂಡುತ್ತವೆ. ಎರಡನೆಯದಕ್ಕೆ x = 0 ಬೇಕೆಂದೇ ಇಟ್ಟಿಲ್ಲ. ಇಟ್ಟರೆ y −4, ಕೆಳಗೆ ಅಷ್ಟು ಉದ್ದ ಅಕ್ಷ ಎಳೆಯಬೇಕು. ಮಕ್ಕಳು ಅಭ್ಯಾಸಬಲದಿಂದ ಮೊದಲು ಸೊನ್ನೆಯನ್ನೇ ಇಡುತ್ತಾರೆ. ಅದು ತಪ್ಪಲ್ಲ, ಹಾಳೆಯಲ್ಲಿ ಜಾಗ ನೋಡಿಕೊಂಡು ಇಡಬೇಕು ಅಷ್ಟೇ.

ಹತ್ತು ನಿಮಿಷಕ್ಕೆ ಕೋಣೆಯಿಂದ ಕೂಗು. "ಮಾಮ, ಅದು 5ಆ, Sಆ?" ನನ್ನ 5ರ ತಲೆಗೆರೆ ಸಣ್ಣದು. ಇಷ್ಟು ವರ್ಷ ಬೋರ್ಡಿನಲ್ಲಿ ಯಾರೂ ಕೇಳಿರಲಿಲ್ಲ! ದೊಡ್ಡದಾಗಿ ಬರೆದೆ.

ಸ್ವಲ್ಪ ಹೊತ್ತಿಗೆ ಇನ್ನೊಂದು ಕೂಗು. "ಮಾಮ, ನನ್ನ ಎರಡನೇ ಗೆರೆ ಸೊಟ್ಟ ಬರ್ತಿದೆ." ಹೋಗಿ ನೋಡಿದೆ. x = 1 ಇಟ್ಟಾಗ 2 − y = 4 ಬಂದಿದೆ. ಅಲ್ಲಿಂದ y = 2 ಅಂತ ಬರೆದಿದ್ದಾಳೆ, ಋಣ ಚಿಹ್ನೆ ಹೋಗಿದೆ. ಅವಳ ಬಿಂದುಗಳು (1, 2), (2, 0), (4, 4). ಮೂರನ್ನೂ ಸೇರಿಸುವ ನೇರ ಗೆರೆ ಇಲ್ಲ, ಸ್ಕೇಲ್ ಎಲ್ಲಿ ಇಟ್ಟರೂ ಒಂದು ಬಿಂದು ಹೊರಗೆ ಉಳಿಯುತ್ತದೆ.

ಇದು ಸಿಕ್ಕಿದ್ದು ನನಗೆ ದೊಡ್ಡ ಲಾಭ. ಮಕ್ಕಳು ಸಮಯ ಉಳಿಸಲಿಕ್ಕೆ ಎರಡೇ ಬಿಂದು ತೆಗೆಯುತ್ತಾರೆ. ರೇಖೆ ಎಳೆಯಲಿಕ್ಕೆ ಎರಡು ಸಾಕು, ನಿಜ. ಆದರೆ ಯಾವ ಎರಡು ಬಿಂದು ಇಟ್ಟರೂ ಒಂದು ನೇರ ಗೆರೆ ಬಂದೇ ಬರುತ್ತದೆ, ತಪ್ಪು ಬಿಂದು ಆದರೂ. ಅವಳು (1, 2), (2, 0) ಎರಡನ್ನೇ ತೆಗೆದಿದ್ದರೆ ಚೆಂದದ ಗೆರೆ ಬರುತ್ತಿತ್ತು, ಅದು ಮೊದಲ ರೇಖೆಯನ್ನು ಇನ್ನೆಲ್ಲೋ ಕಡಿಯುತ್ತಿತ್ತು. ಎಲ್ಲಿ? ಆ ಗೆರೆ y = 4 − 2x. ಅದನ್ನು x + y = 5 ಜೊತೆ ಬಿಡಿಸಿದರೆ x = −1, y = 6. ಅವಳ ಹಾಳೆಯಲ್ಲಿ ಅಲ್ಲಿಗೆ ಅಕ್ಷವೇ ಇಲ್ಲ. "ಛೇದಿಸ್ತಾನೇ ಇಲ್ಲ, ಪರಿಹಾರ ಇಲ್ಲ" ಅಂತ ಬರೆದು ಮುಂದೆ ಹೋಗುತ್ತಿದ್ದಳು. ಮೂರನೇ ಬಿಂದು ಕಾವಲುಗಾರ. ಲೈವ್‌ನಲ್ಲಿ ಈ ತಪ್ಪನ್ನೇ ಬೇಕೆಂದು ಮಾಡಿ ತೋರಿಸುವುದು ಅಂತ ಠರಾವು ಮಾಡಿಕೊಂಡೆ.

ಎಲ್ಲ ಸೇರಿ ಈ ಒಂದು ಲೆಕ್ಕಕ್ಕೆ 22 ನಿಮಿಷ ಹಿಡಿಯಿತು. ಬೋರ್ಡಿನಲ್ಲಿ ಹತ್ತು ನಿಮಿಷದ ಕೆಲಸ. ಉಳಿದ ಹೊತ್ತು ಹೋಗಿದ್ದು ಕಾಯುವುದರಲ್ಲಿ. ನಾನು "ಎಷ್ಟು ಬಂತು?" ಅಂತ ಕೇಳಿದ ಮೇಲೆ ಅವಳ ಉತ್ತರ ಚಾಟಿಗೆ ಬರಲಿಕ್ಕೆ ಗಡಿಯಾರ ಹಿಡಿದು ನೋಡಿದರೆ 25 ಸೆಕೆಂಡ್. ಯೂಟ್ಯೂಬ್ ಸ್ಟುಡಿಯೋದಲ್ಲಿ `Low latency` ಆರಿಸಿದ ಮೇಲೆ 10ರ ಆಸುಪಾಸಿಗೆ ಇಳಿಯಿತು. ಅದಕ್ಕಿಂತ ಕಡಿಮೆ ಮಾಡಲಿಕ್ಕೂ ಆಗುತ್ತದೆ, ಆದರೆ ಸಿಗ್ನಲ್ ಕಮ್ಮಿ ಇರುವ ಮಕ್ಕಳಿಗೆ ಆಗ ವಿಡಿಯೋ ನಿಂತು ನಿಂತು ಬರುತ್ತದೆ. 10 ಸೆಕೆಂಡ್ ಸಾಕು. ಪ್ರಶ್ನೆ ಕೇಳಿ ಸುಮ್ನೆ ಕಾಯುವ ಬದಲು ಆ ಹೊತ್ತಲ್ಲಿ ಅಕ್ಷಕ್ಕೆ ಅಂಕಿ ಬರೆಯುವುದು, ಬಾಣ ಹಾಕುವುದು, ಪ್ರಮಾಣ ಬರೆಯುವುದು ಮಾಡಿಕೊಂಡರೆ ಆಯಿತು.

ನಡುವೆ ಕರೆಂಟು ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಉಳಿಯಿತು, ರೂಟರ್ ಸತ್ತಿತು, ದೀಪವೂ ಇಲ್ಲ. ರೂಟರ್‌ಗೆ ಸಣ್ಣ ಯುಪಿಎಸ್ ತಂದೆ. ಮೇಜಿಗೆ ಚಾರ್ಜಿಂಗ್ ಲೈಟ್.

ಮಾರ್ಚ್ 3

ಈಗ ಪೋಸ್ಟ್. ಮೊದಲು ಸಮಯ ಕೇಳಲಿಕ್ಕೆ ಪೋಲ್ ಹಾಕಿದೆ: ಸಂಜೆ 6, ರಾತ್ರಿ 7, ರಾತ್ರಿ 8:15, ಬೆಳಿಗ್ಗೆ 6. ನಾನು 7 ಗೆಲ್ಲುತ್ತದೆ ಅಂದುಕೊಂಡಿದ್ದೆ. ಗೆದ್ದಿದ್ದು 8:15. ಕಾರಣ ಕಾಮೆಂಟಿನಲ್ಲಿತ್ತು, "ಸರ್ ಅಪ್ಪ ಬರೋದು 8ಕ್ಕೆ, ಫೋನ್ ಆಮೇಲೇ ಸಿಗೋದು." ಮಕ್ಕಳ ಹತ್ತಿರ ಸ್ವಂತ ಫೋನಿಲ್ಲ ಅನ್ನುವುದನ್ನು ನಾವು ಎಷ್ಟು ಬೇಗ ಮರೆಯುತ್ತೇವೆ.

ಪಾಠದ ಪಟ್ಟಿಯನ್ನು ರಿಹರ್ಸಲ್ಲೇ ಕತ್ತರಿಸಿತ್ತು. ಒಂದು ಲೆಕ್ಕಕ್ಕೆ 22 ನಿಮಿಷ ಅಂದರೆ ಗಂಟೆಯಲ್ಲಿ ಪೂರ್ತಿ ರಿವಿಷನ್ ಸುಳ್ಳು. ಒಂದೇ ಅಧ್ಯಾಯ ಇಟ್ಟುಕೊಂಡೆ. ನಕ್ಷೆಗೆ 25 ನಿಮಿಷ. ಅದೇ ಲೆಕ್ಕವನ್ನು ವರ್ಜಿಸುವ ವಿಧಾನದಲ್ಲಿ ಮಾಡಲಿಕ್ಕೆ 10 ನಿಮಿಷ. ಎರಡು ಸಮೀಕರಣ ಕೂಡಿಸಿದರೆ y ಹೋಗಿ 3x = 9, x = 3, y = 2. ನಕ್ಷೆಯ ಉತ್ತರ ಸರಿಯಾ ಅಂತ ತಾಳೆ ನೋಡಲಿಕ್ಕೆ ಒರಟು ಹಾಳೆಯಲ್ಲಿ ಅರ್ಧ ನಿಮಿಷದ ಕೆಲಸ. ಆಮೇಲೆ ಅನುಪಾತ ನೋಡಿ ರೇಖೆಗಳು ಛೇದಿಸುತ್ತವಾ, ಸಮಾಂತರವಾ, ಒಂದರ ಮೇಲೊಂದು ಬೀಳುತ್ತವಾ ಅಂತ ಹೇಳುವುದು, 10 ನಿಮಿಷ. ಉಳಿದ ಕಾಲು ಗಂಟೆ ಪ್ರಶ್ನೆಗೆ.

ಸ್ಟುಡಿಯೋದಲ್ಲಿ ಲೈವನ್ನು ಮೊದಲೇ ಶೆಡ್ಯೂಲ್ ಮಾಡಿದೆ. ಹಾಗೆ ಮಾಡಿದರೆ ಲಿಂಕ್ ಈಗಲೇ ಸಿಗುತ್ತದೆ, ಆ ಪುಟದಲ್ಲಿ `Notify me` ಗುಂಡಿಯೂ ಇರುತ್ತದೆ. ಪೋಸ್ಟ್ ಉದ್ದ ಆದರೆ ಫೀಡ್‌ನಲ್ಲಿ ಮೊದಲ ಕೆಲವು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು `Read more` ಹಿಂದೆ ಅಡಗುತ್ತದೆ. ಅದಕ್ಕೆ ದಿನ, ಹೊತ್ತು ಮೇಲೆ. ನಮಸ್ಕಾರ, ಪ್ರೀತಿಯ ವಿದ್ಯಾರ್ಥಿಗಳೇ ಎಲ್ಲ ತೆಗೆದೆ. "ನಾಳೆ", "ಇವತ್ತು" ಅನ್ನುವ ಮಾತೇ ಬೇಡ. ಕೊನೆಗೆ ಹೀಗಾಯಿತು:

ಮಾರ್ಚ್ 8, ಭಾನುವಾರ, ರಾತ್ರಿ 8:15ರಿಂದ 9:15
ಹತ್ತನೇ ತರಗತಿ ಗಣಿತ ಲೈವ್. ಒಂದೇ ಅಧ್ಯಾಯ: ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳು
8:15 ನಕ್ಷೆ ವಿಧಾನ, ಒಂದು ಲೆಕ್ಕ ಪೂರ್ತಿ
8:40 ಅದೇ ಲೆಕ್ಕ, ವರ್ಜಿಸುವ ವಿಧಾನ
8:50 ಅನುಪಾತ ನೋಡಿ ರೇಖೆ ಗುರುತಿಸುವುದು
9:00 ನಿಮ್ಮ ಪ್ರಶ್ನೆಗಳು
ಒಂದು ಗ್ರಾಫ್ ಹಾಳೆ, ಸ್ಕೇಲ್, ಚೂಪು ಪೆನ್ಸಿಲ್ ಇಟ್ಟುಕೊಂಡು ಕೂರಿ. 360pಯಲ್ಲೂ ಕಾಣುತ್ತದೆ. ಫೋನ್ ಸಿಗದವರಿಗೆ: ಇದೇ ಲಿಂಕಿನಲ್ಲಿ ಮುಗಿದ ಮೇಲೂ ನೋಡಬಹುದು.

ಅಕ್ಕನ ಮಗಳು ಓದಿ ಒಂದೇ ಮಾತು ಹೇಳಿದಳು. "8:40ಕ್ಕೆ ಬರೋರು ಬರ್ತಾರೆ ಮಾಮ, ನಕ್ಷೆ ಗೊತ್ತಿರೋರು." ಹೊತ್ತು ಬರೆದದ್ದೇ ಅದಕ್ಕೆ.

ಮಾರ್ಚ್ 8, ರಾತ್ರಿ 10:30

ಮುಗಿಯಿತು. ಒಂದು ಹೊತ್ತಲ್ಲಿ 140 ಜನ ಇದ್ದರು. ಕರೆಂಟು ಹೋಗಲಿಲ್ಲ, ಯುಪಿಎಸ್ ತಂದ ದಿನ ಎಂದಾದರೂ ಹೋಗುತ್ತದಾ! ಚೌಕ ಕಾಣುತ್ತಿಲ್ಲ ಅಂತ ಒಬ್ಬರೂ ಹೇಳಲಿಲ್ಲ.

ಎರಡನೇ ಸಮೀಕರಣದಲ್ಲಿ ಬೇಕೆಂದೇ y = 2 ಅಂತ ಬರೆದೆ, ಮುಖದಲ್ಲಿ ಏನೂ ತೋರಿಸದೆ. ಕೆಂಪು ಬಿಂದು (1, 2)ರಲ್ಲಿ ಇಟ್ಟೆ, ಆಮೇಲೆ (2, 0), (4, 4). ಸ್ಕೇಲ್ ಇಟ್ಟು ಅತ್ತ ಇತ್ತ ತಿರುಗಿಸುತ್ತಾ ಕೂತೆ. ಹತ್ತು ಸೆಕೆಂಡ್ ಚಾಟ್ ಖಾಲಿ. ಆಮೇಲೆ ಒಂದೇ ಸಲ ಸುರಿಯಿತು: "ಸರ್ −2", "ಮೈನಸ್ ಸರ್", "ಮೊದಲ ಬಿಂದು ತಪ್ಪು". ಒಬ್ಬ ಮಾತ್ರ "ಸರ್ ಸ್ಕೇಲ್ ಸೊಟ್ಟ ಇದೆ" ಅಂದ.

ಒಂದು ತಪ್ಪು ಉಳಿದಿದೆ. ಅನುಪಾತದ ಭಾಗದಲ್ಲಿ a₁/a₂ ಬರೆದಾಗ ಕೆಳಗಿನ ಪುಟ್ಟ ಅಂಕಿ ಯಾರಿಗೂ ಕಾಣಲಿಲ್ಲ, 1 ಯಾವುದು 2 ಯಾವುದು ಅಂತ ಮೂರು ಜನ ಕೇಳಿದರು. 6 ಮಿ.ಮೀ. ನಿಯಮವನ್ನು ಅಕ್ಷರಕ್ಕೆ ಹಾಕಿದ್ದೆ, ಅದರ ಬುಡದ ಅಂಕಿಗೆ ಹಾಕಿರಲಿಲ್ಲ. ಮುಂದಿನ ವಾರ ಸಮಾಂತರ ಶ್ರೇಢಿ, ಅಲ್ಲಿ aₙ, Sₙ ತುಂಬಾ ಬರುತ್ತದೆ. ಆ ದಿನಕ್ಕೆ ಗೆರೆ ಇಲ್ಲದ ಹಾಳೆ, ಅಕ್ಷರ 12 ಮಿ.ಮೀ., ಬುಡದ ಅಂಕಿ 6. ಪೋಸ್ಟಿನಲ್ಲಿ ಗ್ರಾಫ್ ಹಾಳೆ ತೆಗೆದು "ನೋಟ್‌ಬುಕ್ಕು, ಪೆನ್ನು" ಅಂತ ತಿದ್ದಬೇಕು. ಹೊತ್ತು ಅದೇ, 8:15.